ಬೆರಳು ಎಣಿಸಿದ್ದು ಸಾಕು, ದಾರ ನೋಡಿ

"ಫೋಟೊದಲ್ಲಿ ಬೆರಳು ಎಣಿಸಿ. ಆರಿದ್ದರೆ ಎಐ, ಐದಿದ್ದರೆ ಅಸಲಿ." ಈ ಫಾರ್ವರ್ಡ್ ನಿಮ್ಮ ಊರಿನ ಗುಂಪಿಗೂ ಬಂದಿರುತ್ತದೆ. 2022ರಲ್ಲಿ ಈ ಮಾತಿಗೆ ಬೆಲೆ ಇತ್ತು. ಈಗ ಅದು ನಿನ್ನೆಯ ಸಾರು, ಹಳಸಿದೆ. ಇದನ್ನು ಇನ್ನೂ ಹಂಚುವವರು ಓದುಗರಿಗೆ ಉಪಕಾರ ಮಾಡುತ್ತಿಲ್ಲ, ಮೋಸಗಾರರ ಹಾದಿಯನ್ನು ಸಲೀಸು ಮಾಡುತ್ತಿದ್ದಾರೆ ಎಂಬುದು ನಮ್ಮ ಜಗಳ.

ಮೊದಲು ಬೆರಳು ಯಾಕೆ ಕರಗುತ್ತಿತ್ತು ಎಂಬುದನ್ನು ನೋಡೋಣ. ಎಐ ಚಿತ್ರ ಬಿಡಿಸುವುದು ನಾವು ಬಿಡಿಸಿದಂತೆ ಅಲ್ಲ. ಸಿಗ್ನಲ್ ಇಲ್ಲದ ಟಿವಿಯ ಚುಕ್ಕಿಗಳಂಥ ಗಲಿಬಿಲಿಯಿಂದ ಶುರುಮಾಡಿ, ಹಂತ ಹಂತವಾಗಿ ಗಲಿಬಿಲಿ ತೆಗೆಯುತ್ತ ಚಿತ್ರಕ್ಕೆ ಬರುತ್ತದೆ. 2022ರ ಆಗಸ್ಟ್‌ನಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಈ ಕೆಲಸವನ್ನು ಪೂರ್ತಿ ಚಿತ್ರದ ಮೇಲೆ ಮಾಡುತ್ತಿರಲಿಲ್ಲ. ಉದ್ದಗಲ 512 ಚುಕ್ಕಿಯ ಚಿತ್ರವನ್ನು 64 ಮನೆ ಉದ್ದ, 64 ಮನೆ ಅಗಲದ ಸಣ್ಣ ಪಟ್ಟಿಗೆ ಇಳಿಸಿ, ಅಲ್ಲಿ ಕೆಲಸ ಮುಗಿಸಿ, ಆಮೇಲೆ ಹಿಗ್ಗಿಸುತ್ತಿತ್ತು. ಅಂದರೆ ಎಂಟು ಚುಕ್ಕಿಗೆ ಒಂದು ಮನೆ.

ಈಗ ಆ ಚಿತ್ರದಲ್ಲಿ ಒಬ್ಬ ಹೆಂಗಸು ಸೂಜಿಗೆ ದಾರ ಪೋಣಿಸುತ್ತಿದ್ದಾಳೆ ಅಂದುಕೊಳ್ಳಿ. ಅವಳ ಕೈಯ ಅಗಲ 80 ಚುಕ್ಕಿ ಇದ್ದರೆ ಪಟ್ಟಿಯಲ್ಲಿ ಅದಕ್ಕೆ ಸಿಗುವುದು ಹತ್ತು ಮನೆ. ನಾಲ್ಕು ಬೆರಳು, ನಡುವಿನ ಸಂದು, ನೆರಳು, ಎಲ್ಲವೂ ಆ ಹತ್ತರಲ್ಲೇ ಹಿಡಿಯಬೇಕು. ಸೂಜಿ ಎರಡು ಚುಕ್ಕಿ ಅಗಲವಿದ್ದರೆ ಅದರ ಪಾಲು ಕಾಲು ಮನೆ. ಇನ್ನು ಸೂಜಿಯ ಕಣ್ಣು? ಅದಕ್ಕೆ ಜಾಗವೇ ಇಲ್ಲ. ಮುಖ ಚೆಂದ ಬಂದು ಬೆರಳು ಮೇಣದಂತೆ ಅಂಟಿಕೊಳ್ಳುತ್ತಿದ್ದುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಕೈಯದೇ. ಮುಖ ಹೇಗೆ ತಿರುಗಿದರೂ ಮೂಗಿನ ಕೆಳಗೆ ಬಾಯಿ ಇದ್ದೇ ಇರುತ್ತದೆ. ಕೈ ಹಾಗಲ್ಲ, ಮಡಚುತ್ತದೆ, ಲೋಟದ ಹಿಂದೆ ಅಡಗುತ್ತದೆ, ಒಂದು ಬೆರಳು ಇನ್ನೊಂದನ್ನು ಮುಚ್ಚುತ್ತದೆ. ಕಲಿಕೆಗೆ ಕೊಟ್ಟ ಫೋಟೊಗಳಲ್ಲಿ ಮೂರೇ ಬೆರಳು ಕಂಡ ಕೈಗಳು ಎಷ್ಟೋ. ಒಳಗೆ ಎಲುಬಿದೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

2023ರ ಮಾರ್ಚ್‌ನಲ್ಲಿ ಬಂದ ಮಿಡ್‌ಜರ್ನಿಯ ಐದನೇ ಆವೃತ್ತಿಯಿಂದ ಕೈ ಎದ್ದು ಕಾಣುವಷ್ಟು ಸುಧಾರಿಸಿತು. ಈಗಂತೂ ಕೈಯ ಭಾಗವನ್ನಷ್ಟೇ ಗುರುತು ಮಾಡಿ, ಅದನ್ನೇ ದೊಡ್ಡದಾಗಿ ಮತ್ತೆ ಬಿಡಿಸಿ ತೇಪೆ ಹಾಕುವುದು ಮಾಮೂಲಿ. ಕೈಯ ಕೀಲುಗಳ ನಕ್ಷೆ ಕೊಟ್ಟು "ಹೀಗೇ ಹಿಡಿ" ಎಂದು ಹೇಳುವ ವಿಧಾನವೂ ಇದೆ. ಐದು ಬೆರಳು ಬರಿಸುವುದು ಇವತ್ತು ದೊಡ್ಡ ಮಾತಲ್ಲ.

ಆದರೆ ಸುಧಾರಿಸಿದ್ದು ಕೈ. ಕೈ ಮತ್ತು ವಸ್ತುವಿನ ನಡುವಿನ ಲೆಕ್ಕ ಅಷ್ಟು ಸುಲಭಕ್ಕೆ ಬಗ್ಗಿಲ್ಲ.

ನಮಗೆ ಬಂದ ಒಂದು ವಿಡಿಯೊವನ್ನೇ ತೆಗೆದುಕೊಳ್ಳಿ. ಮಾರುವವರ ಹೆಸರು ಬೇಡ. "ನಮ್ಮ ಹಳ್ಳಿಯ ಅಜ್ಜಿಯರ ಕೈ ಕಸೂತಿ" ಎಂದು ಬರೆದು, ಸುಕ್ಕುಗಟ್ಟಿದ ಎರಡು ಕೈ ಕಪ್ಪು ಸೀರೆಯ ಮೇಲೆ ಗೋಪುರ ಹೊಲಿಯುವುದನ್ನು ತೋರಿಸಿದ್ದರು. ಬೆರಳು ಎಣಿಸಿದೆವು, ಹತ್ತಕ್ಕೆ ಹತ್ತು. ಉಗುರು, ಬಳೆ, ನರ ಎಲ್ಲ ಸರಿ. ನಲವತ್ತು ವರ್ಷದಿಂದ ಕಸೂತಿ ಹಾಕುವ ಧಾರವಾಡ ಕಡೆಯ ಒಬ್ಬ ಅವ್ವನಿಗೆ ತೋರಿಸಿದೆವು. ಎರಡನೇ ಸಲ ನೋಡುವಾಗಲೇ ಅವರು ನಕ್ಕರು. "ತಮ್ಮಾ, ಈಕಿ ದಾರ ಎಟ್ಟ್ ಹೊಲದ್ರೂ ತೀರವಲ್ದಲ್ಲೋ!"

ಅವರು ನೋಡಿದ್ದು ಬೆರಳನ್ನಲ್ಲ. ಕಸೂತಿಯ ಗವಂತಿಯಲ್ಲಿ ಸೂಜಿ ಒಂದು ಸಲ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ, ಅದೇ ಹಾದಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿಯೇ ಒಳಗೂ ಹೊರಗೂ ಒಂದೇ ಗೆರೆ. ದಾರ ಅದೇ ದಾರಿಯನ್ನು ಎರಡು ಸಲ ತುಳಿಯುವುದರಿಂದ ನಾಲ್ಕು ಇಂಚಿನ ಗೆರೆಗೆ ಕಡಿಮೆ ಅಂದರೂ ಎಂಟು ಇಂಚು ದಾರ ಬೇಕು. ಆ ವಿಡಿಯೊದಲ್ಲಿ ಗೋಪುರ ಬೆಳೆಯುತ್ತ ಹೋಯಿತು, ಸೂಜಿಯ ಹಿಂದಿನ ದಾರ ಮಾತ್ರ ಮೊದಲಿದ್ದಷ್ಟೇ ಉದ್ದ ಉಳಿಯಿತು. ಮತ್ತೆ ನಿಧಾನ ಮಾಡಿ ನೋಡಿದಾಗ ಇನ್ನೂ ಎರಡು ಸಿಕ್ಕವು. ಸೂಜಿ ಚುಚ್ಚುವ ಮೊದಲೇ ಅಲ್ಲಿ ಹೊಲಿಗೆ ಮೂಡಿರುತ್ತಿತ್ತು. ಬಟ್ಟೆಯ ಕೆಳಗೆ ಹೋದ ಬೆರಳು ಮೇಲೆ ಬರುವಾಗ ಪಕ್ಕದ ಬೆರಳಿನ ಜಾಗದಲ್ಲಿ ಬರುತ್ತಿತ್ತು.

ಇದೇ ಕಣ್ಣಿನಿಂದ ಚಹಾ ಸುರಿಯುವ ವಿಡಿಯೊ ನೋಡಿ. ಲೋಟ ತುಂಬಿದಷ್ಟು ಕೆಟಲ್ ಇನ್ನಷ್ಟು ಬಾಗಬೇಕು. ಧಾರೆ ನಿಂತ ಮೇಲೆ ಮಟ್ಟ ಏರಬಾರದು. ಬಿಸಿ ಚಹಾದ ಗಾಜಿನ ಲೋಟವನ್ನು ನಮ್ಮವರು ಕಂಠದ ಹತ್ತಿರ ಎರಡು ಬೆರಳಲ್ಲಿ ಹಿಡಿಯುತ್ತಾರೆ, ಇಡೀ ಅಂಗೈ ಒತ್ತಿ ಹಿಡಿದವರನ್ನು ನಾವಂತೂ ಕಂಡಿಲ್ಲ. ಹೆಬ್ಬೆರಳು ಚಹಾದೊಳಗೆ ಮುಳುಗಿಯೂ ಒದ್ದೆಯಾಗದಿದ್ದರೆ ಮತ್ತೆ ಕೇಳುವುದೇ ಬೇಡ.

"ನಾಳೆ ಇದೂ ಸರಿ ಹೋಗುತ್ತದೆ, ಆಗ ಏನು ಮಾಡುತ್ತೀರಿ?" ಎಂದು ಕೇಳುವವರಿದ್ದಾರೆ. ಸರಿ ಹೋಗಲಿ. ದಾರ ತೀರುವಂತೆ ಮಾಡಿದರೂ ಆ ವಿಡಿಯೊ ಸುಳ್ಳೇ. "ಈ ಕೈ ಈ ಸೀರೆ ಹೊಲಿಯಿತು" ಎಂಬುದು ಮಾರಾಟದ ಮಾತು, ಅದಕ್ಕೇ ದುಡ್ಡು ಕೇಳುತ್ತಿರುವುದು. ಚಿತ್ರ ಚೆನ್ನಾಗಿ ಬಂದಷ್ಟೂ ಸುಳ್ಳು ಹೆಚ್ಚು ಬೆಲೆಗೆ ಮಾರಾಟವಾಗುತ್ತದೆ. ಎಳೆ ಎಣಿಸಿ ಎಣಿಸಿ ಕಣ್ಣು ಸವೆಸಿದ ಅವ್ವನಿಗೆ ಅದರಲ್ಲಿ ಒಂದು ರೂಪಾಯಿಯೂ ಹೋಗುವುದಿಲ್ಲ. ಮಷಿನ್ ಕೆಲಸದ ಸೀರೆಯನ್ನು ಮಷಿನ್ ಕೆಲಸ ಎಂದೇ ಮಾರಿದರೆ ನಮ್ಮದೇನೂ ತಕರಾರಿಲ್ಲ.

ಬೆರಳೆಣಿಕೆಯ ಇನ್ನೊಂದು ಅನ್ಯಾಯವನ್ನು ಹೇಳದೆ ಬಿಡಲಾಗದು. ಹುಟ್ಟುತ್ತಲೇ ಆರು ಬೆರಳಿರುವ ಜನ ಇದ್ದಾರೆ. ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿನ ಗಾಣಕ್ಕೆ ಬೆರಳು ಕೊಟ್ಟವರು ನಮ್ಮೂರುಗಳಲ್ಲೇ ಇದ್ದಾರೆ. ಅವರು ತಮ್ಮ ಕೆಲಸದ ಫೋಟೊ ಹಾಕಿದರೆ "ಎಐ, ಎಐ" ಎಂದು ಕೂಗುವುದು ಯಾವ ಜಾಣತನ? ಅಸಲಿ ವಿಡಿಯೊ ಹತ್ತು ಗುಂಪು ದಾಟಿ ಬರುವಷ್ಟರಲ್ಲಿ ಮಸುಕಾಗಿ ಬೆರಳು ಬೆಸೆದುಕೊಳ್ಳುತ್ತವೆ. ಕಡಿಮೆ ಬೆಳಕಲ್ಲಿ ಕೈ ಜೋರಾಗಿ ಓಡಿದರೂ ಅಷ್ಟೇ. ಅಂಥ ಮಸುಕು ಅಲುಗುವ ಕಡೆ ಮಾತ್ರ ಇರುತ್ತದೆ, ಕೈ ನಿಂತ ಕೂಡಲೇ ಬೆರಳು ಬೇರೆ ಬೇರೆ ಕಾಣುತ್ತವೆ. ಎಐ ಕೈ ನಿಂತ ಮೇಲೂ ಅಂಟಿಕೊಂಡೇ ಇರಬಹುದು, ಇಲ್ಲವೆ ಬೆರಳು ಸೂಜಿಯೊಳಗೇ ಸೇರಿಹೋಗಿರಬಹುದು.

ಕಸೂತಿ ಸೀರೆ ಕೊಳ್ಳುವವರು ಒಂದು ಕೆಲಸ ಮಾಡಿ. ಮಾರುವವರಿಗೆ ವಿಡಿಯೊ ಕಾಲ್ ಮಾಡಿ, ಅದೇ ಸೀರೆಯ ಸೆರಗನ್ನು ನಿಮ್ಮ ಕಣ್ಣೆದುರೇ ತಿರುಗಿಸಿ ತೋರಿಸಲು ಹೇಳಿ. ಗವಂತಿಯಾದರೆ ಹಿಂದೆಯೂ ಅದೇ ಗೆರೆ, ಅದೇ ಬಣ್ಣ, ಗಂಟು ಇರುವುದಿಲ್ಲ. ಮಷಿನ್‌ದಾದರೆ ಹಿಂಬದಿಯಲ್ಲಿ ಬಾಬಿನ್ನಿನ ದಾರ, ಸಾಮಾನ್ಯವಾಗಿ ಬೇರೆಯದೇ ಬಣ್ಣದ್ದು, ಕಂಡುಬಿಡುತ್ತದೆ. ನಮ್ಮ ವಿಡಿಯೊದವರಿಗೂ ಹೀಗೇ ಕೇಳಿದೆವು. "ಸ್ಟಾಕ್ ಗೋಡೌನಲ್ಲಿದೆ ಸರ್" ಎಂದು ಫೋನಿಟ್ಟವರು ಮತ್ತೆ ಎತ್ತಲಿಲ್ಲ.