ಪ್ರಿಂಟರ್ ಮಾಡಿದ ತಪ್ಪೇನು?

ವಿಪಿಎನ್ ಹಾಕಿದರೆ ಮನೆಯ ಪ್ರಿಂಟರ್ 'ಆಫ್‌ಲೈನ್', ತೆಗೆದರೆ ಸರಿ. ಸಪೋರ್ಟ್‌ನವರು ಡ್ರೈವರ್ ಮತ್ತೆ ಹಾಕಿ ಅಂತಾರೆ. ಸ್ವಾಮಿ, ಡ್ರೈವರ್ ಕೆಟ್ಟಿದ್ದರೆ ವಿಪಿಎನ್ ಇಲ್ಲದಾಗಲೂ ಪ್ರಿಂಟ್ ಬರಬಾರದಿತ್ತಲ್ಲ?

ನನ್ನ ಪ್ರಿಂಟರ್ ವಿಳಾಸ 192.168.1.50. ವಿಪಿಎನ್ ಇಲ್ಲದಾಗ `ping 192.168.1.50` ಅಂದ್ರೆ ಉತ್ತರ ಬರುತ್ತೆ, ಇದ್ದಾಗ ಬರಲ್ಲ. ಕಾರಣ ಫುಲ್ ಟನಲ್: ಲ್ಯಾಪ್‌ಟಾಪಿನಿಂದ ಹೊರಡುವುದೆಲ್ಲ ಆಫೀಸಿನ ದಾರಿಯಲ್ಲೇ ಹೋಗಬೇಕು. ಪಕ್ಕದ ಮೇಜಿಗೆ ಹೊರಟ ಪುಟವನ್ನೂ ವಿಪಿಎನ್ ಅತ್ತ ತಿರುಗಿಸುತ್ತೆ, ಇಲ್ಲವೇ ಅಲ್ಲೇ ತಡೆಯುತ್ತೆ. ನಮ್ಮೂರಲ್ಲಿ ಪಕ್ಕದ ಮನೆಗೆ ಹೋಗೋಕೆ ಯಾರೂ ತಾಲೂಕು ಕಚೇರಿ ಸುತ್ತಿ ಬರಲ್ಲ.

ಮನೆ ವೈಫೈಯಲ್ಲಿರೋ ವೈರಸ್ ಆಫೀಸಿಗೆ ನುಸುಳೀತು ಅನ್ನೋ ಭಯ ನ್ಯಾಯವೇ. ಅದಕ್ಕೆ ಹೊರಗಿನಿಂದ ಲ್ಯಾಪ್‌ಟಾಪಿಗೆ ಬರುವ ಸಂಪರ್ಕ ತಡೆಯಿರಿ. ನಾನು ಪ್ರಿಂಟರಿಗೆ ಕಳಿಸುವುದನ್ನು ಯಾಕೆ? ಹಲವು ವಿಪಿಎನ್‌ಗಳಲ್ಲಿ ಲೋಕಲ್ ಲ್ಯಾನ್‌ಗೆ ಮಾತ್ರ ಅನುಮತಿ ಕೊಡುವ ಆಯ್ಕೆ ಇದೆ. ಇಂಟರ್ನೆಟ್ ಆಗಲೂ ಟನಲ್ಲಿನಲ್ಲೇ ಹೋಗುತ್ತೆ. ಆದರೆ ಅದನ್ನು ಅಡ್ಮಿನ್ ತೆರೆಯಬೇಕು.

ತೆರೆಯದಿದ್ದರೆ ಜನ ಆಫೀಸಿನ ಫೈಲನ್ನು ಸ್ವಂತ ಮೇಲ್‌ಗೆ ಕಳಿಸಿ ಫೋನಿಂದ ಪ್ರಿಂಟ್ ತೆಗೀತಾರೆ. ಇದ್ಯಾವ ಸೀಮೆ ಭದ್ರತೆ? ಅಲ್ಲಿಯವರೆಗೆ ಯುಎಸ್‌ಬಿ ಕೇಬಲ್ಲೇ ಗತಿ. ಅದನ್ನೂ ಆಫೀಸಿನವರು ಮುಚ್ಚಿಲ್ಲದಿದ್ದರೆ, ಟನಲ್ ಅದರ ತಂಟೆಗೆ ಬರಲ್ಲ.