ಬಣ್ಣದ ಹಂಡೆ ಮತ್ತು ಮಾರಾಟವಾಗದ ಬಟ್ಟೆ

ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಆರಂಭವಾದ ಬಳಿಕ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಹಳ್ಳಿಗಳಲ್ಲಿ ಹದಿನೈದು-ಇಪ್ಪತ್ತು ಮಹಿಳೆಯರ ಸಂಘಗಳು ಹುಟ್ಟಿಕೊಂಡವು. ಉಳಿತಾಯ ಮತ್ತು ಸಾಲದ ಲೆಕ್ಕವನ್ನು ಅವು ಬಹುಮಟ್ಟಿಗೆ ಅಚ್ಚುಕಟ್ಟಾಗಿ ನಡೆಸಿವೆ. ಆದರೆ ಉದ್ಯಮದ ಮಾತು ಬಂದೊಡನೆ ಪ್ರತಿಯೊಂದು ಸಂಘವೂ ತನ್ನದೇ ಯಂತ್ರಕ್ಕಾಗಿ ಸಾಲದ ಅರ್ಜಿ ಹಿಡಿದು ನಿಲ್ಲುತ್ತದೆ. ಯಾವುದನ್ನು ಹಂಚಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಯಾರೂ ಮೊದಲು ಕೇಳುವುದಿಲ್ಲ. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘದ ಅನುಭವವೇ ಸಾಕು.

ಕೈಮಗ್ಗದ ಕೆಲಸದಲ್ಲಿ ಮಗ್ಗವನ್ನು ಹಂಚಿಕೊಳ್ಳುವುದು ಕಷ್ಟ. ಒಬ್ಬಳು ಹಾಸು ಏರಿಸಿದರೆ ಅದು ಮುಗಿಯುವವರೆಗೆ ಮಗ್ಗ ಅವಳದೇ. ಬಣ್ಣದ ಮನೆಯ ಸ್ವಭಾವ ಬೇರೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ನಮ್ಮಲ್ಲಿ ಧಾರಾಳವಾಗಿದೆ, ಅದರ ಒಗರೇ ಬಣ್ಣದ ಮೂಲ. ಆದರೆ ಒಂದು ಮನೆಯ ಚೊಗರಿನಂತೆ ಇನ್ನೊಂದು ಮನೆಯದಿರುವುದಿಲ್ಲ. ಐದು ಸಂಘಗಳು ಐದು ಹಂಡೆಗಳಲ್ಲಿ ಅದ್ದಿದರೆ ಐದು ಬಗೆಯ ಕಂದು ಬರುತ್ತದೆ. ಒಂದೇ ಬಟ್ಟೆಯಲ್ಲಿ ಪಟ್ಟೆಪಟ್ಟೆಯಾಗಿ ಕಾಣುವ ನೂಲನ್ನು ಯಾವ ಅಂಗಡಿಯೂ ಕೊಳ್ಳುವುದಿಲ್ಲ. ಹಲವರ ಚೊಗರನ್ನು ಒಂದೇ ತೊಟ್ಟಿಯಲ್ಲಿ ಬೆರೆಸಿ, ಒಂದು ಹಾಸಿಗೆ ಬೇಕಾದಷ್ಟು ನೂಲನ್ನೂ ಒಮ್ಮೆಗೇ ಅದ್ದುವುದು ಇದಕ್ಕಿರುವ ಪರಿಹಾರ.

ಹತ್ತು ಕಿಲೋ ನೂಲಿನ ಲೆಕ್ಕ ನೋಡೋಣ. ನೂಲನ್ನು ಮೊದಲು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅದರ ಮೇಣವನ್ನು ತೆಗೆಯಬೇಕು. ಒಂದು ಲಡಿಯನ್ನು ತಣ್ಣೀರಿಗೆ ಬಿಟ್ಟಾಗ ಕೂಡಲೇ ಮುಳುಗಿದರೆ ಸರಿ, ತೇಲಿದರೆ ಬಣ್ಣ ಒಳಗಿಳಿಯುವುದಿಲ್ಲ. ಚೊಗರಿನಲ್ಲಿ ಅದ್ದಿದ ಮೇಲೆ ಬಣ್ಣ ನಿಲ್ಲಲು ಒಂದು ಕಿಲೋ ಅಥವಾ ತುಸು ಹೆಚ್ಚು ಪಟಿಕ ಬೇಕು. ಬೂದು-ಕಪ್ಪು ಬೇಕಿದ್ದರೆ ಪಟಿಕದ ಬದಲು ಇನ್ನೂರು-ಮುನ್ನೂರು ಗ್ರಾಂ ಅನ್ನಭೇದಿ. ಗಾಢವಾಗಲೆಂದು ಅನ್ನಭೇದಿಯನ್ನು ಸುರಿದರೆ ನೂಲು ಬಲಗುಂದಿ ಮಗ್ಗದ ಮೇಲೆಯೇ ಹರಿಯುತ್ತದೆ. ಇಷ್ಟಕ್ಕೆಲ್ಲ ಇನ್ನೂರು ಲೀಟರಿಗೂ ಮಿಕ್ಕ ಬಿಸಿನೀರು ಬೇಕು, ಅಂದರೆ ಸೌದೆ ಬೇಕು. ನೈಸರ್ಗಿಕ ಬಣ್ಣವೆಂದು ಹೆಮ್ಮೆಪಡುವ ನಾವು ಒಲೆಯ ಲೆಕ್ಕವನ್ನು ಮರೆಯುತ್ತೇವೆ. ಐದು ತೆರೆದ ಒಲೆಗಳಿಗಿಂತ ಹೊಗೆಗೂಡಿರುವ ಒಂದು ಒಲೆ ಕಾಡಿಗೆ ಕಡಿಮೆ ಭಾರ.

ಮಾರಾಟದ್ದು ಇನ್ನೂ ಸೂಕ್ಷ್ಮ. ಚರಕ ನೇಯ್ದು ಹೊಲಿದದ್ದನ್ನು ಮಾರಲು ದೇಸಿ ಎಂಬ ಪ್ರತ್ಯೇಕ ಟ್ರಸ್ಟ್ ರೂಪುಗೊಂಡಿತು. ಬೆಂಗಳೂರು ಮೊದಲಾದೆಡೆ ಅಂಗಡಿಗಳನ್ನು ತೆರೆಯಿತು. ನೇಯುವವಳು ಬಾಡಿಗೆ, ಸಾಗಾಟ, ಗಿರಾಕಿಗಳ ಚಿಂತೆ ಹೊರಬೇಕಿಲ್ಲದ ಏರ್ಪಾಡು ಅದು. ಆದರೆ ಮಾರಾಟದ ವೆಚ್ಚವೆಂದರೆ ಬಾಡಿಗೆಯಷ್ಟೇ ಅಲ್ಲ, ಕಾಯುವ ಕಾಲವೂ ಹೌದು. ಉದಾಹರಣೆಗೆ, ಒಂದು ಜುಬ್ಬಕ್ಕೆ ನೂಲು, ಬಣ್ಣ, ಕೂಲಿ ಸೇರಿ 370 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸಾವಿರ ಜುಬ್ಬ ತಯಾರಾದರೆ 3.7 ಲಕ್ಷ ರೂಪಾಯಿ. ಹಣ ಮರಳಿ ಬರಲು ನಾಲ್ಕು ತಿಂಗಳಾದರೆ 14.8 ಲಕ್ಷ ಕಪಾಟಿನಲ್ಲಿ ಕುಳಿತಂತೆ. ಶೇಕಡ 12ರ ಬಡ್ಡಿ ಹಿಡಿದರೂ ಜುಬ್ಬವೊಂದಕ್ಕೆ ಸುಮಾರು ಹದಿನೈದು ರೂಪಾಯಿ, ಅದನ್ನು ಬೆಲೆಯಲ್ಲಿ ಸೇರಿಸಬಹುದು. ಆದರೆ ಆ ಅಸಲನ್ನು ತರುವುದೆಲ್ಲಿಂದ? ವಾರಕ್ಕಿಷ್ಟು ಎಂದು ಉಳಿಸುವ ಸಂಘದ ಪೆಟ್ಟಿಗೆಗೆ ಅದು ಮೀರಿದ ಮಾತು. ಮಾರಾಟ ಇನ್ನೆರಡು ತಿಂಗಳು ತಡವಾದರೆ ಮತ್ತೆ 7.4 ಲಕ್ಷ ಬೇಕು. ಕೂಲಿ ಮಾತ್ರ ಕಾಯುವುದಿಲ್ಲ.

2020ರಲ್ಲಿ ನಡೆದದ್ದು ಇದೇ. ಕೊರೊನಾ ಕಾಲದಲ್ಲಿ ಅಂಗಡಿಗಳು ಮುಚ್ಚಿ, ಬಟ್ಟೆ ರಾಶಿಬಿದ್ದು, ಚರಕ ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಸಾರಿತು. ಅದನ್ನು ಸಹಕಾರ ತತ್ವದ ಸೋಲೆಂದು ಆಡಿಕೊಂಡವರಿದ್ದಾರೆ. ಈ ಬರಹಗಾರನ ಅಭಿಪ್ರಾಯ ಬೇರೆ. ದುಡಿಮೆ, ಕೌಶಲ, ಅಂಗಡಿ ಇವೆಲ್ಲವನ್ನೂ ಹಂಚಿಕೊಂಡರೂ ಮಾರಾಟ ನಿಂತಾಗ ತಾಳಿಕೊಳ್ಳುವ ನಿಧಿಯೊಂದು ಸಾಲದೆ ಹೋದರೆ ಎಷ್ಟು ಗಟ್ಟಿ ಸಂಸ್ಥೆಯೂ ಅಲುಗುತ್ತದೆ.

ಹೊನ್ನೆಮರಡಿನಂಥ ಹಿನ್ನೀರಿನಂಚಿನ ಊರುಗಳಲ್ಲಿ ಮನೆಗಳು ಚದುರಿವೆ. ಮಳೆಗಾಲದಲ್ಲಿ ನಿತ್ಯ ನಡೆದು ಬರುವುದು ಸುಲಭವಲ್ಲ. ಸುಗ್ಗಿಯಲ್ಲಂತೂ ಅಡಿಕೆ ಸುಲಿಯುವ ಕೂಲಿ ಕೈಬೀಸಿ ಕರೆಯುತ್ತದೆ, ಮಗ್ಗಗಳು ನಿಲ್ಲುತ್ತವೆ. ಆದ್ದರಿಂದ ಹೊಲಿಗೆ, ಗುಂಡಿ ಕಟ್ಟುವಂಥ ಕೆಲಸ ಮನೆಗೆ ಹೋಗಲಿ, ಬಣ್ಣ ಮತ್ತು ಹಾಸು ಒಂದೇ ಕಡೆ ನಡೆಯಲಿ. ಐದಾರು ಸಂಘಗಳು ಸೇರಿ ಒಂದು ಬಣ್ಣದ ಮನೆ ಕಟ್ಟುವ ಮುನ್ನ, ಮಾರಿದ ಪ್ರತಿ ಬಟ್ಟೆಯಿಂದ ಇಷ್ಟು ಎಂದು ನಿಧಿಗೆ ಎತ್ತಿಡುವ ನಿಯಮವನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ಪ್ರತಿ ತಿಂಗಳ ಸಭೆಯಲ್ಲಿ ಉಳಿತಾಯದ ಮೊತ್ತದೊಂದಿಗೆ ಮಾರಾಟವಾಗದೆ ಉಳಿದ ಬಟ್ಟೆಯ ಎಣಿಕೆಯನ್ನೂ ಓದಲಿ. ಅದು ನಾಲ್ಕು ತಿಂಗಳ ನೇಯ್ಗೆಯನ್ನು ದಾಟಿದರೆ ಮುಂದಿನ ಹಾಸು ಏರಿಸುವುದನ್ನು ಅಷ್ಟರಮಟ್ಟಿಗೆ ತಡೆಯಲಿ.