ಹತ್ತು ನಿಮಿಷಕ್ಕೆ ಮೂರು ಅಂಕವೇಕೆ?

ಕಿರುಚಿತ್ರ ಕಲಿಸುವ ಶಿಬಿರಗಳಲ್ಲಿ ಇಂದಿಗೂ ಸಿಡ್ ಫೀಲ್ಡ್ 1979ರಲ್ಲಿ ಕೊಟ್ಟ ಅಳತೆಗೋಲೇ ವೇದವಾಕ್ಯ. ಪುಟಕ್ಕೊಂದು ನಿಮಿಷದಂತೆ 120 ಪುಟದ ಚಿತ್ರಕಥೆ. ಪೀಠಿಕೆಗೆ ಕಾಲು ಭಾಗ, ಸಂಘರ್ಷಕ್ಕೆ ಅರ್ಧ, ಪರಿಹಾರಕ್ಕೆ ಉಳಿದ ಕಾಲು. ಮೊದಲೆರಡು ಅಂಕಗಳ ಕೊನೆಗೆ ಒಂದೊಂದು ತಿರುವು. ಇದನ್ನೇ ಹನ್ನೆರಡರಿಂದ ಭಾಗಿಸಿ ಹತ್ತು ನಿಮಿಷದ ಚಿತ್ರಕ್ಕೆ ತೊಡಿಸುತ್ತಾರೆ. ಫಲವಾಗಿ ನಾಯಕನು ಎರಡೂವರೆ ನಿಮಿಷ ಹಲ್ಲುಜ್ಜಿ, ಕಾಫಿ ಕುಡಿದು, ಬೀಗ ಹಾಕುತ್ತಾನೆ. ಆ ಭಾಗವನ್ನು ಬಿಟ್ಟು ಚಿತ್ರ ನೋಡಿ. ಏನೂ ಕಳೆದಂತೆ ಅನಿಸದಿದ್ದರೆ ಅದು ಪೀಠಿಕೆಯೇ ಅಲ್ಲ. ಇನ್ನು ಎರಡನೆಯ ತಿರುವು, ಮೊದಲನೆಯದು ನಮ್ಮೊಳಗೆ ಇಳಿಯುವ ಮುನ್ನವೇ ಬಂದು ಅದನ್ನು ಅಳಿಸಿಹಾಕುತ್ತದೆ.

ಸತ್ಯಜಿತ್ ರಾಯ್ ಅವರ ‘ಟೂ’ (1964) ಹತ್ತು ನಿಮಿಷಕ್ಕಿಂತ ತುಸು ದೀರ್ಘ; ಅದರಲ್ಲಿ ಒಂದು ಮಾತೂ ಇಲ್ಲ. ದೊಡ್ಡ ಮನೆ, ಆಟಿಕೆಗಳ ನಡುವೆ ಒಂಟಿ ಹುಡುಗ: ಪೀಠಿಕೆ ಅಷ್ಟೇ. ಹೊರಗೆ ಗುಡಿಸಲಿನ ಹುಡುಗನ ಕೊಳಲು ಕೇಳಿದೊಡನೆ ಪಂದ್ಯ ಆರಂಭ. ಕೊಳಲಿಗೆ ತುತ್ತೂರಿ, ಡೋಲಿಗೆ ಡೋಲು ಬಡಿಯುವ ಕೋತಿಬೊಂಬೆ, ಮುಖವಾಡಕ್ಕೆ ಮುಖವಾಡ. ಇವು ತಿರುವುಗಳಲ್ಲ, ಒಂದೇ ಹಟದ ಏರುಮೆಟ್ಟಿಲುಗಳು. ನಿಜವಾದ ತಿರುವು ಒಂದೇ: ಬಡ ಹುಡುಗನ ಗಾಳಿಪಟವನ್ನು ಸಿರಿವಂತ ಹುಡುಗ ಏರ್‌ಗನ್ನಿನಿಂದ ಹೊಡೆದು ಕೆಡವುವ ಗಳಿಗೆ. ಆಟ ಅಲ್ಲಿ ಹಿಂಸೆಯಾಗುತ್ತದೆ.

ಅನಂತರದ್ದು ಮೂರನೆಯ ಅಂಕವಲ್ಲವೇ ಎನ್ನಬಹುದು. ಆದರೆ ಪರಿಹಾರವೆಲ್ಲಿ? ಗೆದ್ದವನ ಆಟಿಕೆಗಳ ಗದ್ದಲವನ್ನು ಸೀಳಿಕೊಂಡು ಅದೇ ಕೊಳಲು ಮತ್ತೆ ಕೇಳುತ್ತದೆ. ಅವನದೇ ರೋಬೋ ನಡೆದುಬಂದು ಅವನು ಕಟ್ಟಿದ್ದ ಗೋಪುರವನ್ನು ಉರುಳಿಸುತ್ತದೆ.